ಪಿ.ಎಫ್. ದಾಖಲೆಯಲ್ಲಿ ಜನ್ಮದಿನಾಂಕ ತಪ್ಪಿದೆ: ತಿದ್ದುಪಡಿ ಎಲ್ಲಿಂದ ಶುರು, ಅರ್ಜಿ ಹೇಗೆ?

ಪ್ರಶ್ನೆ: ನಮ್ಮ ತಂದೆ 2015ರ ಏಪ್ರಿಲ್‌ನಿಂದ ಪೀಣ್ಯದ ಒಂದು ಗಾರ್ಮೆಂಟ್ಸ್‌ನಲ್ಲಿ ಕೆಲಸ ಮಾಡ್ತಿದ್ದಾರೆ. ಪಿ.ಎಫ್.ನಲ್ಲಿ ಹುಟ್ಟಿದ ದಿನಾಂಕ 01-06-1972 ಅಂತಿದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ 14-11-1974. ಮೊದಲು ಆಧಾರ್‌ನಲ್ಲೂ 1972 ಇತ್ತು, ಹೋದ ವರ್ಷ ಅಂಕಪಟ್ಟಿ ಕೊಟ್ಟು 1974 ಮಾಡಿಸಿದ್ವಿ. ಈಗ ಅಡ್ವಾನ್ಸ್‌ಗೆ ಹಾಕಿದ ಕ್ಲೇಮು ವಾಪಸ್ ಬಂತು. ಫ್ಯಾಕ್ಟರಿ ಎಚ್.ಆರ್.ನವರು "ಪಿ.ಎಫ್. ಆಫೀಸಿಗೆ ಹೋಗಿ" ಅಂತಾರೆ, ಅಲ್ಲಿ "ಫ್ಯಾಕ್ಟರಿ ಮೂಲಕ ಬನ್ನಿ" ಅಂತಾರೆ. ಯಾರಿಗೆ, ಏನಂತ ಅರ್ಜಿ ಕೊಡಬೇಕು?

ಉತ್ತರ:

ಪಿ.ಎಫ್. ಕಚೇರಿಯವರು ಹೇಳಿದ್ದೇ ಸರಿ, ಅರ್ಧ ಮಾತ್ರ ಹೇಳಿದ್ದಾರೆ ಅಷ್ಟೆ. ಅರ್ಜಿ ಹುಟ್ಟಬೇಕಾದದ್ದು ಪಿ.ಎಫ್. ಪೋರ್ಟಲ್‌ನ ನಿಮ್ಮ ತಂದೆಯವರ ಸ್ವಂತ ಲಾಗಿನ್‌ನಲ್ಲಿ. ಅಲ್ಲಿಂದ ಅದು ಫ್ಯಾಕ್ಟರಿಯ ಲಾಗಿನ್‌ಗೆ ಹೋಗುತ್ತದೆ, ಅವರು ಒಪ್ಪಬೇಕು. ಕೈಯಲ್ಲಿ ಕಾಗದ ಹಿಡಿದು ಕೌಂಟರಿಗೆ ಹೋಗುವುದು ಕೊನೆಯ ದಾರಿ.

ಫ್ಯಾಕ್ಟರಿ ಏಕೆ ಬೇಕು ಎನ್ನುವುದಕ್ಕೆ ಕಾರಣ ಒಂದು ತಾರೀಕು: 1 ಅಕ್ಟೋಬರ್ 2017. 2025ರ ಜನವರಿಯಲ್ಲಿ ಭವಿಷ್ಯ ನಿಧಿ ಸಂಸ್ಥೆ ನಿಯಮ ಸಡಿಲಿಸಿತು. ಆ ತಾರೀಕಿನ ನಂತರ ಯುಎಎನ್ ಎಂಬ ಪಿ.ಎಫ್.ನ 12 ಅಂಕಿಯ ಸಂಖ್ಯೆ ಪಡೆದು, ಅದು ಆಧಾರ್‌ನೊಂದಿಗೆ ತಾಳೆಯಾಗಿರುವ ಸದಸ್ಯರು ಹೆಸರು, ಜನ್ಮದಿನಾಂಕ ಮುಂತಾದವನ್ನು ಯಾವ ದಾಖಲೆಯನ್ನೂ ಅಪ್‌ಲೋಡ್ ಮಾಡದೆ ತಾವೇ ತಿದ್ದಿಕೊಳ್ಳಬಹುದು. ಅದಕ್ಕಿಂತ ಹಿಂದಿನ ಯುಎಎನ್ ಆದರೆ ಮಾಲೀಕರ ದೃಢೀಕರಣ ಬೇಕಾಗಬಹುದು. ನಿಮ್ಮ ತಂದೆಯವರದು 2015ರದ್ದು, ಆದ್ದರಿಂದ ಎರಡನೆಯ ಸಾಲಿಗೆ ಬರುತ್ತಾರೆ. ಇಂಥ ಕೋರಿಕೆಗಳಲ್ಲಿ ಕೆಲವು ಮಾಲೀಕರ ಒಪ್ಪಿಗೆಯಲ್ಲೇ ಮುಗಿಯುತ್ತವೆ, ಕೆಲವು ಪ್ರಾದೇಶಿಕ ಕಚೇರಿಗೂ ಹೋಗುತ್ತವೆ. ಯಾವ ಕಡೆ ಹೋಗಿದೆ ಎಂಬುದು ಅರ್ಜಿಯ ಸ್ಥಿತಿ ತೋರಿಸುವ ಪುಟದಲ್ಲೇ ಕಾಣುತ್ತದೆ, ಊಹಿಸುತ್ತ ಕೂರಬೇಕಿಲ್ಲ.

ತಪ್ಪು ಎಲ್ಲಿಂದ ಬಂತು ಎನ್ನುವುದನ್ನೂ ಅರ್ಥ ಮಾಡಿಕೊಳ್ಳಿ, ಅರ್ಜಿಯಲ್ಲಿ ಕಾರಣ ಬರೆಯಲು ಅದು ಬೇಕು. ಜೂನ್ ಒಂದು ನಮ್ಮ ಕಡೆ ಲೆಕ್ಕವಿಲ್ಲದಷ್ಟು ಜನರ "ಹುಟ್ಟುಹಬ್ಬ". ಶಾಲೆ ಶುರುವಾಗುವ ತಿಂಗಳು ಅದು. ತಾರೀಕು ಗೊತ್ತಿಲ್ಲದವರಿಗೆ ವಯಸ್ಸು ಅಂದಾಜು ಮಾಡಿ ಯಾರೋ ಬರೆದ ದಿನಾಂಕ. ನಿಮ್ಮ ತಂದೆಯವರ ವಿಷಯದಲ್ಲಿ ಶಾಲೆ ಸರಿಯಾಗಿಯೇ ಬರೆದಿದೆ. ಆಧಾರ್ ಮಾಡಿಸುವಾಗ ಬಾಯಿಮಾತಿನಲ್ಲಿ ಹೇಳಿದ ದಿನಾಂಕ ಬಿದ್ದು, ಕೆಲಸಕ್ಕೆ ಸೇರುವಾಗ ಫ್ಯಾಕ್ಟರಿ ಅದನ್ನೇ ಫಾರಂ 11ರಿಂದ ಪಿ.ಎಫ್.ಗೆ ಏರಿಸಿರುವ ಸಾಧ್ಯತೆ ಹೆಚ್ಚು. ಹಾಗಾಗಿ ಇಷ್ಟು ವರ್ಷ ಎರಡೂ ತಪ್ಪಾಗಿದ್ದವು, ಆದರೆ ಒಂದಕ್ಕೊಂದು ಹೊಂದುತ್ತಿದ್ದವು. ನೀವು ಆಧಾರ್ ಸರಿಪಡಿಸಿದ ದಿನ ಹೊಂದಾಣಿಕೆ ಮುರಿಯಿತು. ಕ್ಲೇಮು ವಾಪಸಾಗಲು ಇದೊಂದೇ ಕಾರಣವೇ ಎಂದು ತಿರಸ್ಕಾರದ ಷರಾ ಓದಿ ಖಚಿತಪಡಿಸಿಕೊಳ್ಳಿ. ಬ್ಯಾಂಕ್ ಖಾತೆಯ ತೊಡಕೂ ಅದೇ ಸಾಲಿನಲ್ಲಿ ಸೇರಿಕೊಂಡಿರಬಹುದು.

ಮೊದಲ ಕೆಲಸ, ಕೈಯಲ್ಲಿರುವ ಕಾಗದಗಳನ್ನು ಮೇಜಿನ ಮೇಲೆ ಹರಡಿ ನೋಡುವುದು. ವ್ಯತ್ಯಾಸ ಲೆಕ್ಕ ಹಾಕಿ: 01-06-1972ರಿಂದ 14-11-1974ಕ್ಕೆ 2 ವರ್ಷ 5 ತಿಂಗಳು 13 ದಿನ. ಪಿ.ಎಫ್. ಸಂಸ್ಥೆಯ ಕಾರ್ಯವಿಧಾನದಲ್ಲಿ ಜನ್ಮದಿನಾಂಕದ ವ್ಯತ್ಯಾಸ 3 ವರ್ಷದೊಳಗಿದ್ದರೆ ಸಣ್ಣ ಬದಲಾವಣೆ, ಮೀರಿದರೆ ದೊಡ್ಡ ಬದಲಾವಣೆ. ಕಡತ ಕಚೇರಿಗೆ ಹೋಗುವ ಸಂದರ್ಭದಲ್ಲಿ ಸಣ್ಣದಕ್ಕೆ ಕನಿಷ್ಠ ಎರಡು ದಾಖಲೆ, ದೊಡ್ಡದಕ್ಕೆ ಮೂರು. ಕಚೇರಿಗೆ ತಲುಪಿದ ಮೇಲೆ ಸಣ್ಣದಕ್ಕೆ 7 ದಿನ, ದೊಡ್ಡದಕ್ಕೆ 15 ದಿನ ಎಂದು ಅವಧಿಯಿದೆ. ನಿಮ್ಮದು ಸಣ್ಣದರಲ್ಲೇ ಬರುತ್ತದೆ. ಈ ಗೆರೆ ಗೊತ್ತಿಲ್ಲದೆ ಒಂದೇ ದಾಖಲೆ ಹಚ್ಚಿ ವಾಪಸ್ ಪಡೆದವರು ಬಹಳ.

ಯಾವ ದಾಖಲೆ ನಡೆಯುತ್ತದೆ? ಇಲ್ಲೇ ಜನ ಎಡವುವುದು. ಆಧಾರ್ ಜನ್ಮದಿನಾಂಕದ ಪುರಾವೆಯಾಗಿ ನಡೆಯುತ್ತದೆ ಎಂದುಕೊಂಡು ಅದನ್ನೇ ಎರಡೆರಡು ಸಲ ಹಾಕುತ್ತಾರೆ. 2024ರ ಜನವರಿಯಲ್ಲಿ ಜನ್ಮದಿನಾಂಕದ ಪುರಾವೆಗಳ ಪಟ್ಟಿಯಿಂದ ಆಧಾರನ್ನು ಕೈಬಿಡಲಾಗಿದೆ; ಆಧಾರ್ ಗುರುತಿನ ಪುರಾವೆ, ಹುಟ್ಟಿದ ದಿನಾಂಕದ ಪುರಾವೆಯಲ್ಲ ಎಂದು ಆಧಾರ್ ಪ್ರಾಧಿಕಾರವೇ ಹೇಳಿತ್ತು. ಆದರೂ ಆನ್‌ಲೈನ್ ಕೋರಿಕೆಯಲ್ಲಿ ಹೊಸ ದಿನಾಂಕ ಆಧಾರ್‌ನಲ್ಲಿರುವ ದಿನಾಂಕಕ್ಕೆ ಹೊಂದಲೇಬೇಕು. ವಿಚಿತ್ರ ಎನಿಸಬಹುದು, ಆದರೆ ಎರಡು ಬೇರೆ ಬೇರೆ ಕೆಲಸ: ಆಧಾರ್ ಹೊಂದಿಸಿ ನೋಡುವ ಕನ್ನಡಿ, ಪುರಾವೆ ಬೇರೆಯೇ ಕಾಗದ. ಜನನ ಪ್ರಮಾಣಪತ್ರ, ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಅಥವಾ ಹೆಸರು, ಜನ್ಮದಿನಾಂಕ ಇರುವ ಶಾಲೆಯ ಟಿ.ಸಿ., ಪಾಸ್‌ಪೋರ್ಟ್, ಪ್ಯಾನ್ ಕಾರ್ಡ್ ಇವೆಲ್ಲ ನಡೆಯುತ್ತವೆ. ವೋಟರ್ ಐಡಿಯನ್ನು ಹೆಸರಿನ ತಿದ್ದುಪಡಿಗೆ ಇಟ್ಟುಕೊಳ್ಳಿ, ದಿನಾಂಕಕ್ಕೆ ನೆಚ್ಚಿಕೊಳ್ಳಬೇಡಿ. ಶಾಲೆಯ ಮೆಟ್ಟಿಲೇ ಹತ್ತದವರಿಗೆ, ಬೇರೇನೂ ಇಲ್ಲದಾಗ, ಸಿವಿಲ್ ಸರ್ಜನ್ ಪರೀಕ್ಷಿಸಿ ಕೊಟ್ಟ ವೈದ್ಯಕೀಯ ಪ್ರಮಾಣಪತ್ರ ಮತ್ತು ನ್ಯಾಯಾಲಯದಲ್ಲಿ ದೃಢೀಕರಿಸಿದ ಅಫಿಡವಿಟ್ ಎಂಬ ದಾರಿಯೂ ಇದೆ.

ನಿಮ್ಮ ತಂದೆಯವರಿಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ ಮೊದಲನೆಯದು. ಎರಡನೆಯದಕ್ಕೆ ಪ್ಯಾನ್ ಎಂದು ಯೋಚಿಸುತ್ತಿದ್ದರೆ ಕಾರ್ಡನ್ನು ತೆಗೆದು ನೋಡಿ. ಆಧಾರ್‌ನ ಹಳೆಯ ದಿನಾಂಕ ಇದ್ದಾಗ ಪ್ಯಾನ್ ಮಾಡಿಸಿದ್ದರೆ ಅದರಲ್ಲೂ 01-06-1972 ಇರುತ್ತದೆ. ಅದನ್ನು ಹಾಗೇ ಹಚ್ಚಿದರೆ ನಿಮ್ಮ ಪುರಾವೆಯೇ ನಿಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. ಪ್ಯಾನ್ ತಿದ್ದಿಸಿಕೊಳ್ಳಿ, ಇಲ್ಲವೇ ಓದಿದ ಶಾಲೆಗೆ ಹೋಗಿ ದಾಖಲಾತಿ ರಿಜಿಸ್ಟರ್ ಆಧಾರದ ಮೇಲೆ ಟಿ.ಸಿ. ನಕಲು ಬರೆಸಿಕೊಳ್ಳಿ, ಮುಖ್ಯೋಪಾಧ್ಯಾಯರ ಸಹಿ, ಸೀಲು, ದಿನಾಂಕ ಇರಲಿ. ಅಂಕಪಟ್ಟಿ ಮತ್ತು ಟಿ.ಸಿ. ಎರಡೂ ಶಾಲೆಯ ಕಾಗದಗಳೇ ಆಗುವುದರಿಂದ ಅವೆರಡನ್ನು ಒಂದೇ ಎಂದು ಪರಿಗಣಿಸುವ ಸಂಭವವಿದೆ. ತಿದ್ದಿದ ಪ್ಯಾನ್ ಅಥವಾ ಜನನ ಪ್ರಮಾಣಪತ್ರ ಸೇರಿಸಿದರೆ ಆ ಮಾತೇ ಬರುವುದಿಲ್ಲ. ಹಾಗೆಯೇ ಹೆಸರನ್ನೂ ನೋಡಿ. ಅಂಕಪಟ್ಟಿಯಲ್ಲಿ ಇನಿಶಿಯಲ್ ಮುಂದೆ, ಆಧಾರ್‌ನಲ್ಲಿ ಹಿಂದೆ, ಒಂದರಲ್ಲಿ ಅಪ್ಪನ ಹೆಸರು ಬಿಡಿಸಿ ಬರೆದದ್ದು, ಇನ್ನೊಂದರಲ್ಲಿ ಅಕ್ಷರವಷ್ಟೇ: ದಿನಾಂಕ ಸರಿಯಿದ್ದರೂ "ಇದು ಬೇರೆಯವರ ದಾಖಲೆ" ಎಂಬ ಅನುಮಾನಕ್ಕೆ ಇಷ್ಟು ಸಾಕು.

ಇನ್ನೊಂದು ಕಾಗದ, ಯಾರೂ ಕೇಳದಿದ್ದರೂ ಇಟ್ಟುಕೊಳ್ಳಿ. myaadhaar.uidai.gov.in ನಲ್ಲಿ ಒಟಿಪಿ ಹಾಕಿ ಆಧಾರ್ ಬದಲಾವಣೆಯ ಇತಿಹಾಸ ಇಳಿಸಿಕೊಳ್ಳಬಹುದು. ಹಳೆಯದು 1972, ಹೊಸದು 1974, ಬದಲಾದದ್ದು ಇಂಥ ದಿನ ಎಂದು ಅದರಲ್ಲಿ ಕಾಣುತ್ತದೆ. ಮೊನ್ನೆ ಮೊನ್ನೆ ಆಧಾರ್ ಬದಲಾಯಿಸಿ ಈಗ ಪಿ.ಎಫ್. ಬದಲಾಯಿಸಲು ಬಂದಿದ್ದೀರಲ್ಲ ಎಂಬ ಪ್ರಶ್ನೆಗೆ ಅಂಕಪಟ್ಟಿಯ ಜೊತೆ ಇದನ್ನು ಮುಂದಿಡಿ.

ಈಗ ಅರ್ಜಿ. unifiedportal-mem.epfindia.gov.in ನಲ್ಲಿ ಯುಎಎನ್ ಮತ್ತು ಪಾಸ್‌ವರ್ಡ್‌ನಿಂದ ಲಾಗಿನ್ ಆಗಿ, Manage ಎಂಬುದರ ಕೆಳಗೆ Joint Declaration, ಅಂದರೆ ಸದಸ್ಯ ಮತ್ತು ಮಾಲೀಕರ ಜಂಟಿ ಘೋಷಣೆ, ತೆರೆಯಿರಿ. ಯಾವ ಮೆಂಬರ್ ಐಡಿಯಲ್ಲಿ ತಿದ್ದಬೇಕೋ ಅದನ್ನು ಆರಿಸಬೇಕು, ಹಾಲಿ ಫ್ಯಾಕ್ಟರಿಯದನ್ನು ಆರಿಸಿ. ಪುಟದಲ್ಲಿ ಈಗಿರುವ ವಿವರ ಒಂದು ಕಡೆ, ಹೊಸದಾಗಿ ತುಂಬುವ ಜಾಗ ಇನ್ನೊಂದು ಕಡೆ ಬರುತ್ತದೆ. ಜನ್ಮದಿನಾಂಕವನ್ನು ಕ್ಯಾಲೆಂಡರ್‌ನಿಂದ ಆರಿಸಿದ ಮೇಲೆ ಸೇವ್ ಮಾಡುವ ಮುಂಚೆ ಒಂದು ಸಲ ಜೋರಾಗಿ ಓದಿ: ದಿನ 14, ತಿಂಗಳು 11, ವರ್ಷ 1974. ದಿನ ಮತ್ತು ತಿಂಗಳು ಅದಲುಬದಲಾಗುವುದು ಸೈಬರ್ ಸೆಂಟರ್‌ನಲ್ಲಿ ಮಾಡಿಸಿದ ಅರ್ಜಿಗಳಲ್ಲಿ ಕಾಣುವ ತಪ್ಪು. ನಿಮ್ಮದರಲ್ಲಿ 14 ಇರುವುದರಿಂದ ಆ ಅಪಾಯ ಇಲ್ಲ, ಆದರೆ 5-11 ಎಂಬವರು 11-5 ಆಗಿಬಿಡುತ್ತಾರೆ. ಜನ್ಮದಿನಾಂಕ ತಿದ್ದಲು ಸಾಮಾನ್ಯವಾಗಿ ಒಂದೇ ಅವಕಾಶ, ಆಧಾರ್‌ನಲ್ಲೂ ಹಾಗೆಯೇ. ಆಮೇಲೆ ಮತ್ತೆ ತಿದ್ದಬೇಕೆಂದರೆ ಮೇಲಿನ ಅಧಿಕಾರಿಯ ಮುಂದೆ ನಿಂತು ಒಪ್ಪಿಸಬೇಕಾಗುತ್ತದೆ.

ದಾಖಲೆಗಳನ್ನು ನೆರಳು ಬೀಳದಂತೆ, ನಾಲ್ಕೂ ಮೂಲೆ ಕಾಣುವಂತೆ ಸ್ಕ್ಯಾನ್ ಮಾಡಿ. ಮೊಬೈಲಿನಲ್ಲಿ ತೆಗೆದ ಮಸುಕು ಫೋಟೊದಲ್ಲಿ ಮಾಲೀಕರು ಏನನ್ನೂ ಓದಲಾರರು, ಓದಲಾಗದ್ದನ್ನು ಒಪ್ಪಲಾರರು. ಕೊನೆಯಲ್ಲಿ ಆಧಾರ್‌ಗೆ ಸೇರಿದ ಮೊಬೈಲಿಗೆ ಒಟಿಪಿ ಬರುತ್ತದೆ. ಆ ಸಿಮ್ ಈಗ ಬಳಕೆಯಲ್ಲಿಲ್ಲದಿದ್ದರೆ ಇಲ್ಲಿಗೇ ನಿಲ್ಲುತ್ತದೆ, ಮೊದಲು ಆಧಾರ್ ಕೇಂದ್ರದಲ್ಲಿ ನಂಬರ್ ಬದಲಿಸಿಕೊಳ್ಳಬೇಕು.

ಸಲ್ಲಿಸಿದ ಮೇಲೆ ಆಗಬೇಕಾದದ್ದು ಫ್ಯಾಕ್ಟರಿಯಲ್ಲಿ. ಅಲ್ಲಿ ಅಧಿಕೃತ ಸಹಿದಾರರು ತಮ್ಮ ಲಾಗಿನ್‌ನಲ್ಲಿ ಕೋರಿಕೆ ತೆರೆದು, ಸೇವಾ ದಾಖಲೆ ನೋಡಿ, ಡಿಜಿಟಲ್ ಸಹಿ ಅಥವಾ ಇ-ಸೈನ್ ಹಾಕಬೇಕು. ಒಂದು ತಿಂಗಳಾದರೂ ಅರ್ಜಿ ಅಲ್ಲೇ ಕೂತಿದೆ ಎಂದರೆ ಸಾಮಾನ್ಯವಾಗಿ ಕಾರಣ ಎರಡರಲ್ಲಿ ಒಂದು: ಡಿಜಿಟಲ್ ಸಹಿಯ ಅವಧಿ ಮುಗಿದಿದೆ, ಅಥವಾ ಆ ಕೋರಿಕೆ ಬಂದಿದೆ ಎಂದೇ ಅವರಿಗೆ ಗೊತ್ತಿಲ್ಲ. ಎಚ್.ಆರ್.ನವರು "ಪಿ.ಎಫ್. ಆಫೀಸಿಗೆ ಹೋಗಿ" ಎಂದದ್ದಕ್ಕೆ ಮೂರನೆಯ ಕಾರಣವೂ ಇರಬಹುದು, ಬಾಯಿಬಿಟ್ಟು ಹೇಳುವುದಿಲ್ಲ: ಎರಡೂವರೆ ವರ್ಷ ವಯಸ್ಸು ಕಡಿಮೆಯಾದರೆ ನಿವೃತ್ತಿಯೂ ಮುಂದಕ್ಕೆ ಹೋಗುತ್ತದೆ ಎಂಬ ಭಯ. ಪಿ.ಎಫ್. ದಾಖಲೆಯ ತಿದ್ದುಪಡಿಯಿಂದ ಫ್ಯಾಕ್ಟರಿಯ ಸೇವಾ ಪುಸ್ತಕದ ದಿನಾಂಕ ತಾನಾಗಿ ಬದಲಾಗುವುದಿಲ್ಲ, ಅದಕ್ಕೆ ಬೇರೆಯೇ ಅರ್ಜಿ ಕೊಡಬೇಕು. ಆ ಅರ್ಜಿಯನ್ನು ಮಾತ್ರ ನಿವೃತ್ತಿಯ ಹೊಸ್ತಿಲಲ್ಲಿ ಕೊಡಬೇಡಿ. ಕರ್ನಾಟಕ ಗ್ರಾಮೀಣ ಮೂಲಸೌಕರ್ಯ ಅಭಿವೃದ್ಧಿ ನಿಗಮದ ನೌಕರರೊಬ್ಬರ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2021ರಲ್ಲಿ, ಸೇವೆಯ ಕೊನೆಗಾಲದಲ್ಲಿ ತಡವಾಗಿ ಬಂದ ಜನ್ಮದಿನಾಂಕದ ಕೋರಿಕೆಯನ್ನು ವಿಳಂಬದ ಕಾರಣಕ್ಕೇ ನಿರಾಕರಿಸಬಹುದು ಎಂದಿದೆ.

ಮೊದಲು ಫ್ಯಾಕ್ಟರಿಗೆ ಬರಹದಲ್ಲಿ ಕೊಡಿ. ಬಾಯಿಮಾತಿಗೆ ಸ್ವೀಕೃತಿ ಸಿಗುವುದಿಲ್ಲ. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು, ದಿನಾಂಕ ಹಾಕಿಸಿಕೊಳ್ಳಿ. ಹದಿನೈದು ದಿನ ಕಾದೂ ಏನೂ ಆಗದಿದ್ದರೆ ಪಿ.ಎಫ್. ಕಚೇರಿಗೆ ಕೊಡುವ ಅರ್ಜಿ ಹೀಗಿರಲಿ:

ಇವರಿಗೆ,
ಪ್ರಾದೇಶಿಕ ಭವಿಷ್ಯ ನಿಧಿ ಆಯುಕ್ತರು,
ಪ್ರಾದೇಶಿಕ ಕಚೇರಿ, ಬೆಂಗಳೂರು (ನಿಮ್ಮ ಸಂಸ್ಥೆಯ ಕೋಡ್ ಸೇರಿದ ಕಚೇರಿಯ ಹೆಸರು).

ವಿಷಯ: ಸದಸ್ಯರ ದಾಖಲೆಯಲ್ಲಿ ಜನ್ಮದಿನಾಂಕ 01-06-1972 ಬದಲು 14-11-1974 ಎಂದು ತಿದ್ದುವ ಕುರಿತು.
ಯುಎಎನ್: 12 ಅಂಕಿ. ಮೆಂಬರ್ ಐಡಿ: 22 ಅಕ್ಷರ-ಅಂಕಿ. ಸಂಸ್ಥೆಯ ಹೆಸರು ಮತ್ತು ಕೋಡ್:

ಮಾನ್ಯರೇ,

ನಾನು 01-04-2015ರಿಂದ ಮೇಲ್ಕಂಡ ಸಂಸ್ಥೆಯಲ್ಲಿ ಕೆಲಸ ಮಾಡುತ್ತಿದ್ದೇನೆ. ಸೇರುವಾಗ ನನ್ನ ಆಧಾರ್‌ನಲ್ಲಿದ್ದ 01-06-1972 ಎಂಬ ದಿನಾಂಕವನ್ನೇ ಭವಿಷ್ಯ ನಿಧಿ ದಾಖಲೆಗೆ ನಮೂದಿಸಲಾಗಿದೆ. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಪ್ರಕಾರ ನನ್ನ ಜನ್ಮದಿನಾಂಕ 14-11-1974. ಅದೇ ಆಧಾರದಲ್ಲಿ ಆಧಾರ್‌ನಲ್ಲಿ ತಿದ್ದುಪಡಿಯಾಗಿದೆ. ಎರಡರ ವ್ಯತ್ಯಾಸ 2 ವರ್ಷ 5 ತಿಂಗಳು 13 ದಿನ.

ಸದಸ್ಯರ ಪೋರ್ಟಲ್‌ನಲ್ಲಿ (ದಿನಾಂಕ) ರಂದು ಜಂಟಿ ಘೋಷಣೆ ಸಲ್ಲಿಸಿದ್ದೇನೆ. ಸಂಸ್ಥೆಗೆ (ದಿನಾಂಕ) ರಂದು ಲಿಖಿತವಾಗಿ ಕೋರಿದ್ದು, ಸ್ವೀಕೃತಿ ಪ್ರತಿ ಲಗತ್ತಿಸಿದೆ. ಈವರೆಗೆ ಕ್ರಮವಾಗಿಲ್ಲ. ದಯವಿಟ್ಟು ಸಂಸ್ಥೆಗೆ ಸೂಚನೆ ನೀಡಿ, ಕೋರಿಕೆ ವಿಲೇವಾರಿಯಾಗುವಂತೆ ಮಾಡಬೇಕಾಗಿ ವಿನಂತಿ.

ಲಗತ್ತು: ಅಂಕಪಟ್ಟಿ, ಎರಡನೆಯ ದಾಖಲೆ, ಆಧಾರ್ ಪ್ರತಿ ಮತ್ತು ಬದಲಾವಣೆಯ ಇತಿಹಾಸ, ಸಂಸ್ಥೆಗೆ ಕೊಟ್ಟ ಪತ್ರದ ಸ್ವೀಕೃತಿ, ಕೋರಿಕೆಯ ಸ್ಥಿತಿ ತೋರಿಸುವ ಪುಟ.

ಸ್ಥಳ, ದಿನಾಂಕ, ಸಹಿ, ಮೊಬೈಲ್ ಸಂಖ್ಯೆ.

ಇದನ್ನು ಕೌಂಟರಿನಲ್ಲಿ ಕೊಡುವುದಕ್ಕಿಂತ epfigms.gov.in ನಲ್ಲಿ ದೂರಾಗಿ ದಾಖಲಿಸಿ, ನೋಂದಣಿ ಸಂಖ್ಯೆ ಪಡೆಯುವುದು ಮೇಲು. ಅಲ್ಲಿ ನೆನಪೋಲೆ ಕಳಿಸುವ ಅವಕಾಶವಿದೆ, ಕಾಗದ ಕಳೆದುಹೋಯಿತು ಎನ್ನಲು ಆಗುವುದಿಲ್ಲ. ಮುಖಾಮುಖಿ ಮಾತಾಡಬೇಕೆನಿಸಿದರೆ ಪ್ರತಿ ತಿಂಗಳ 27ರಂದು ಜಿಲ್ಲೆಗಳಲ್ಲಿ ನಡೆಯುವ "ನಿಧಿ ಆಪ್ಕೆ ನಿಕಟ್" ಶಿಬಿರಕ್ಕೆ ಇದೇ ಕಾಗದಗಳ ಕಟ್ಟಿನೊಂದಿಗೆ ಹೋಗಿ. ಸಹಾಯವಾಣಿ 14470. ಯಾವ ಕಚೇರಿ ಎಂಬ ಗೊಂದಲ ಬೇಡ: ಪೀಣ್ಯದಲ್ಲಿ ಕೆಲಸ ಮಾಡುವವರ ಖಾತೆಯೆಲ್ಲ ಪೀಣ್ಯ ಕಚೇರಿಯಲ್ಲೇ ಇರಬೇಕೆಂದಿಲ್ಲ. ಮುಖ್ಯ ಕಚೇರಿ ಇನ್ನೊಂದು ಕಡೆ ಇರುವ ಸಂಸ್ಥೆಯಾದರೆ ಕೋಡ್ ಬೇರೆ ಕಚೇರಿಯದ್ದಿರುತ್ತದೆ. ಮೆಂಬರ್ ಐಡಿಯ ಮೊದಲ ಐದು ಅಕ್ಷರಗಳೇ ಅದನ್ನು ಹೇಳುತ್ತವೆ.

ಫ್ಯಾಕ್ಟರಿ ಬಾಗಿಲು ಹಾಕಿದ್ದರೆ ದಾರಿಯೇ ಬೇರೆ. ಆಗ ಕಾಗದದ ಜಂಟಿ ಘೋಷಣೆ ನಮೂನೆಯನ್ನು ತುಂಬಿ, ಗೆಜೆಟೆಡ್ ಅಧಿಕಾರಿ, ಪೋಸ್ಟ್ ಮಾಸ್ಟರ್, ಖಾತೆಯಿರುವ ಬ್ಯಾಂಕ್ ಮ್ಯಾನೇಜರ್, ನೋಟರಿ ಇಂಥವರಲ್ಲಿ ಒಬ್ಬರಿಂದ ದೃಢೀಕರಿಸಿ ಕಚೇರಿಗೆ ಕೊಡಬೇಕು. ಹಳೆಯ ಫ್ಯಾಕ್ಟರಿಯ ಮೆಂಬರ್ ಐಡಿಯಲ್ಲಿ ಬೇರೆ ದಿನಾಂಕ ಇದ್ದರೆ ಈಗಿನ ಫ್ಯಾಕ್ಟರಿ ಅದನ್ನು ತಿದ್ದಲಾರದು, ಆಯಾ ಸಂಸ್ಥೆಯ ಮೂಲಕವೇ ಹೋಗಬೇಕು.

ಇಷ್ಟೆಲ್ಲ ಪಾಡು ಬರೀ ಒಂದು ಅಡ್ವಾನ್ಸ್‌ಗಾಗಿ ಎಂದುಕೊಳ್ಳಬೇಡಿ, ನಿಜವಾದ ಲೆಕ್ಕ ಪಿಂಚಣಿಯಲ್ಲಿದೆ. ಪಿಂಚಣಿ ಯೋಜನೆಗೆ ವಂತಿಗೆ 58 ವರ್ಷಕ್ಕೆ ನಿಲ್ಲುತ್ತದೆ. 1972ರ ದಿನಾಂಕ ಹಾಗೇ ಉಳಿದರೆ 2030ರ ಜೂನ್‌ಗೆ ನಿಲ್ಲುತ್ತದೆ. ನಿಜದ ದಿನಾಂಕದ ಪ್ರಕಾರ 2032ರ ನವೆಂಬರ್‌ವರೆಗೆ ಕಟ್ಟಬೇಕಿತ್ತು. ಸಂಬಳದ ಮಿತಿ 15,000 ರೂ. ಎಂದುಕೊಂಡರೆ ತಿಂಗಳಿಗೆ ಪಿಂಚಣಿಗೆ ಹೋಗುವುದು 1,250 ರೂ. ಸುಮಾರು 29 ತಿಂಗಳು ಆ ಹಣ ಪಿ.ಎಫ್. ಖಾತೆಗೆ ಹೋಗಿಬಿಡುತ್ತದೆ, ಒಟ್ಟು 36,250 ರೂ. ಹಣ ಕಳೆದುಹೋಗುವುದಿಲ್ಲ, ಸೇವಾ ವರ್ಷ ಕಳೆದುಹೋಗುತ್ತದೆ. ಏಪ್ರಿಲ್ 2015ರಿಂದ ಲೆಕ್ಕ ಹಾಕಿದರೆ ತಪ್ಪು ದಿನಾಂಕದಲ್ಲಿ 15 ವರ್ಷ 2 ತಿಂಗಳು, ಅಂದರೆ 15 ವರ್ಷ. ಸರಿ ದಿನಾಂಕದಲ್ಲಿ 17 ವರ್ಷ 7 ತಿಂಗಳು. ಆರು ತಿಂಗಳಿಗಿಂತ ಮೇಲಿನದನ್ನು ಪೂರ್ತಿ ವರ್ಷ ಎಂದು ಹಿಡಿಯುವುದರಿಂದ 18. ಪಿಂಚಣಿ ಎಂದರೆ ಸಂಬಳ ಗುಣಿಸು ಸೇವೆ ಭಾಗಿಸು 70. ಆ ಲೆಕ್ಕದಲ್ಲಿ 3,214 ರೂ. ಎದುರು 3,857 ರೂ., ಜೀವನಪೂರ್ತಿ ತಿಂಗಳಿಗೆ 643 ರೂ. ವ್ಯತ್ಯಾಸ. ಎರಡೂವರೆ ವರ್ಷ ಬೇಗ ಪಿಂಚಣಿ ಬರುತ್ತದಲ್ಲ ಎಂದು ಕೆಲವರು ಸುಮ್ಮನಿರುತ್ತಾರೆ. ಆದರೆ ಆಧಾರ್ ಈಗ 1974 ಹೇಳುತ್ತಿದೆ, ಪಿಂಚಣಿ ಅರ್ಜಿಯ ಹೊತ್ತಿಗೆ ಇದೇ ಗಂಟು ಎದುರಾಗುತ್ತದೆ, ಅಷ್ಟರಲ್ಲಿ ಫ್ಯಾಕ್ಟರಿಯ ದಾಖಲೆ ಹುಡುಕಿ ಕೊಡುವವರು ಇರುತ್ತಾರೋ ಇಲ್ಲವೋ.

ತಿದ್ದುಪಡಿ ಒಪ್ಪಿಗೆಯಾದ ಮೇಲೆ View ಕೆಳಗಿನ Profile ತೆರೆದು ದಿನಾಂಕ ಬದಲಾಗಿದೆಯೇ ನೋಡಿ. ಆಮೇಲೆ ಅಡ್ವಾನ್ಸ್‌ನ ಕ್ಲೇಮು ಮತ್ತೆ ಹಾಕಿ; ವಾಪಸಾದ ಹಳೆಯ ಕ್ಲೇಮು ತಾನಾಗಿ ಜೀವ ಪಡೆಯುವುದಿಲ್ಲ. ಇ.ಎಸ್.ಐ. ಕಾರ್ಡಿನಲ್ಲಿ 1972 ಇದ್ದರೆ ಅದಕ್ಕೆ ಪ್ರತ್ಯೇಕವಾಗಿ ಫ್ಯಾಕ್ಟರಿ ಮೂಲಕ ಕೋರಬೇಕು, ಪಿ.ಎಫ್.ನವರ ತಿದ್ದುಪಡಿ ಅಲ್ಲಿಗೆ ತಲುಪುವುದಿಲ್ಲ.